ನೂರ ಅರವತ್ತೊಂಬತ್ತರ ಬೆಂಚು

ನೀಲಗಂಗವ್ವನ ಬಗ್ಗೆ ಹೇಳಬೇಕೆಂದರೆ ನನ್ನ ದಡ್ಡತನದಿಂದಲೇ ಶುರು ಮಾಡಬೇಕು. ಗದಗಿನ ನಮ್ಮ ಕಾಲೇಜಿನಲ್ಲಿ ಆಕೆ ಇಪ್ಪತ್ತು ವರ್ಷದಿಂದ ಅಟೆಂಡರ್. ನಾನು ಉಪನ್ಯಾಸಕ, ಅದೂ ಗಣಿತಕ್ಕೆ!

ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಇನ್ನೂರ ನಲವತ್ತು ಜನ, ಹತ್ತು ಕೋಣೆ, ಕೋಣೆಗೆ ಇಪ್ಪತ್ನಾಲ್ಕು ಬೆಂಚು. ಯಾವ ಕೋಣೆಗೆ ಯಾವ ನಂಬರು ಎಂಬ ಹಾಜರಿ ಹಾಳೆ ಮೇಲಿನಿಂದಲೇ ಬಂದಿತ್ತು. ಹಿಂದಿನ ದಿನ ನೀಲಗಂಗವ್ವ ಅದರ ನಕಲು ಹಿಡಿದು, ಒಂದೊಂದೇ ನಂಬರು ಓದಿಕೊಂಡು, ಬೆಂಚುಗಳ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದಳು.

"ಮೊದಲಿನ ನಂಬರ್ ನೋಡಿಕೊಂಡ್ರ ಸಾಕಲ್ಲವ್ವಾ, ಉಳಿದಿದ್ದು ಎಣಿಸ್ಕೊಂತ ಬರೀಬಹುದು" ಎಂದು ನಕ್ಕೆ.

"ನಿಮ್ಮದು ತಲಿ ಓಡ್ತದರೀ ಸರ. ನಂದು ಕಾಲಷ್ಟ ಓಡ್ತಾವು" ಎಂದಳು.

ಹೊರಗೆ ಫಲಕಕ್ಕೆ ಹಚ್ಚುವ ಕೋಣೆವಾರು ಪಟ್ಟಿ ನನ್ನದು. ಪ್ರತಿ ಕೋಣೆಯ ಮೊದಲ ನಂಬರಿಗೆ ಇಪ್ಪತ್ನಾಲ್ಕು ಕೂಡಿಸಿ ಕೊನೆಯ ನಂಬರು ಬರೆದು, ಹಚ್ಚಿ, ಮನೆಗೆ ಹೋದೆ.

ಮರುದಿನ ಏಳನೇ ಕೋಣೆಗೆ ನಾನೇ ಮೇಲ್ವಿಚಾರಕ. ಹತ್ತಕ್ಕೆ ಪರೀಕ್ಷೆ, ಆಮೇಲೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಹತ್ತು ನಿಮಿಷವಿದ್ದಾಗ ಶಾಹಿದಾ ಎಂಬ ಹೆಣ್ಣುಮಗಳು ಬಂದಳು. ನಂಬರು ನೂರ ಅರವತ್ತೊಂಬತ್ತು. ನನ್ನ ಹಾಳೆ ನೂರ ಅರವತ್ತೆಂಟಕ್ಕೇ ಮುಗಿದಿತ್ತು, ಬೆಂಚೆಲ್ಲ ಭರ್ತಿ.

"ನಂಬರ್ ಓದಾಕ ಬರೂದಿಲ್ಲ, ಮಾಸ್ತರಿಕಿ ಮಾಡ್ತೀಯಾ? ಹೋಗು, ಬೋರ್ಡ್ ನೋಡು!" ಎಂದು ಗದರಿದೆ.

ಹೋದಳು, ನೋಡಿದಳು, ಅಳುತ್ತಾ ಮತ್ತೆ ನನ್ನ ಬಾಗಿಲಿಗೇ ಬಂದಳು. "ಬೋರ್ಡಿನಾಗ ಇದ ರೂಮ್ ಐತ್ರಿ ಸರ. ವಯಸ್ಸು ಮುಗೀತು, ನಂಗಿದು ಕಡೀ ಸಲ."

ನೀರಿನ ಕೊಡ ಹಿಡಿದು ಬರುತ್ತಿದ್ದ ನೀಲಗಂಗವ್ವ ಆಕೆಯ ಪ್ರವೇಶಪತ್ರಕ್ಕೆ ಕಣ್ಣು ಹಾಯಿಸಿದಳು. ಕೊಡ ಅಲ್ಲೇ ಇಳಿಯಿತು. "ಎಂಟನೇ ರೂಮು, ಕಿಟಕಿ ಕಡೆ ಮೊದಲನೇ ಬೆಂಚು. ನಾನ ಬರದೀನಿ. ಬಾ ಯವ್ವಾ!" ಎಂದು ಆಕೆಯ ಕೈ ಹಿಡಿದು ಓಡಿದಳು.

ಆಗ ನನ್ನ ತಲೆಗೆ ಹೊಳೆಯಿತು. ಏಳನೇ ಕೋಣೆ ನೂರ ನಲವತ್ತೈದರಿಂದ ಶುರುವಾದರೆ ಆ ಮೊದಲನೆಯದನ್ನೂ ಎಣಿಸಬೇಕು, ಕೂಡಿಸಬೇಕಾದ್ದು ಇಪ್ಪತ್ಮೂರೇ ಅಲ್ಲವೇ? ಥೂ ನನ್ನ! ನೂರ ಅರವತ್ತೊಂಬತ್ತು ನನ್ನ ಪಟ್ಟಿಯಲ್ಲಿ ಏಳರ ಕೊನೆಗೂ ಇತ್ತು, ಎಂಟರ ಮೊದಲಿಗೂ ಇತ್ತು. ಎರಡರಿಂದ ಹತ್ತರವರೆಗೆ ಪ್ರತಿ ಕೋಣೆಯ ಮೊದಲ ನಂಬರಿಗೂ ಇದೇ ಗತಿ.

ಹೇಳಲು ಹೊರಗೆ ಬರುವಷ್ಟರಲ್ಲಿ ನೀಲಗಂಗವ್ವ ಎಂಟರಿಂದ ಒಂಬತ್ತಕ್ಕೆ ಓಡುತ್ತಿದ್ದಳು. "ಸರ, ಎಲ್ಲಾ ರೂಮಿನ್ಯಾಗೂ ಮೊದಲನೇ ಬೆಂಚ ಖಾಲಿ ಇರಬೇಕು. ನೀವು ಕೆಳಗ ನೋಡ್ರಿ, ನಾ ಮ್ಯಾಲ ನೋಡ್ತೀನಿ!" ಐವತ್ತೆರಡರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಗಂಟೆ ಬಾರಿಸುವಾಗ ಒಂಬತ್ತು ಜನವೂ ತಮ್ಮ ಬೆಂಚಿನಲ್ಲಿದ್ದರು.

ಮಧ್ಯಾಹ್ನ ಹಾಜರಿ ಹಾಳೆ ಜೋಡಿಸುವಾಗ ಎಂಟನೇ ಕೋಣೆಯದನ್ನು ಎರಡು ಸಲ ನೋಡಿದೆ. ಗೈರುಹಾಜರಿಯ ಕೆಂಪು ಗುರುತು ಬೀಳಬಹುದಾಗಿದ್ದ ಸಾಲಿನಲ್ಲಿ ಶಾಹಿದಾಳ ಸಹಿ ಇತ್ತು. ಎದೆ ಹಗುರಾಯಿತು. ಗೇಟಿನ ಹತ್ತಿರ ಆಕೆಯನ್ನು ತಡೆದು ನಿಲ್ಲಿಸಿ, "ತಂಗೀ, ಪಟ್ಟಿ ತಪ್ಪು ಬರದಾಂವ ನಾನು. ಬೈದದ್ದಕ್ಕ ಕ್ಷಮಿಸವ್ವಾ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು.

"ಹೌದ್ರೀ? ಆ ಅಕ್ಕಾರು ಓಡೋವಾಗ, 'ತಪ್ಪು ನಂದ ಯವ್ವಾ, ಅಳಬ್ಯಾಡ, ಚಲೋ ಬರಿ' ಅಂದ್ರಲ್ರೀ."