ದೊಡ್ಡಮ್ಮನ ಮಣಿಕಟ್ಟು ಕೊಟ್ಟ ತೀರ್ಪು

ಇಸ್ತ್ರಿ ಅಂಗಡಿಯ ದೊಡ್ಡಮ್ಮನ ಎಡಗೈ ಮಣಿಕಟ್ಟಿಗೆ ನೆಂಟರ ಬಳಗವೆಲ್ಲ ಹೆದರುತ್ತಿತ್ತು. ಯಾರ ಮನೆಗೆ ಹೊಸ ಒಡವೆ ಬಂದರೂ ಮೊದಲು ಅದು ಅವಳ ಕೈಗೆ ಬರಬೇಕು. ಅವಳು ಅದನ್ನು ಒಂದು ವಾರ ತೊಟ್ಟು, ಬೆಳಗಿನಿಂದ ಸಂಜೆಯವರೆಗೆ ಹಬೆಯೇಳುವ ಇಸ್ತ್ರಿಪೆಟ್ಟಿಗೆಯ ಮುಂದೆ ಬೆವರು ಸುರಿಸುತ್ತ ನಿಲ್ಲುತ್ತಿದ್ದಳು. ಆಮೇಲೆ ಒಡವೆ ಸರಿಸಿ ಕೆಳಗಿನ ಚರ್ಮ ನೋಡುವಳು. ಹಸಿರೋ ಕಪ್ಪೋ ಕಂಡರೆ ಮುಗಿಯಿತು.

“ನಕಲಿ. ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ,” ಎನ್ನುವಳು. ಅವಳಿಗೆ ಅದರಲ್ಲಿ ಸಂತೋಷವೇನೂ ಇರಲಿಲ್ಲ. ಆದರೆ ದುಃಖವೂ ಅಷ್ಟಾಗಿ ಕಾಣುತ್ತಿರಲಿಲ್ಲ.

ಹೀಗೆ ಅವಳು ನಾದಿನಿಯ ಬೆಳ್ಳಿ ಸರ, ಅತ್ತಿಗೆಯ ಉಂಗುರ, ತಮ್ಮನ ಕೈಕಡಗ ಎಲ್ಲವನ್ನೂ ಅನರ್ಹಗೊಳಿಸಿದ್ದಳು. ಅವಳ ಪರೀಕ್ಷೆಯಲ್ಲಿ ಪಾಸಾಗಿದ್ದು ಒಂದೇ ಒಂದು ಒಡವೆ: ಗಂಡ ತಂದುಕೊಟ್ಟು ಎರಡು ವರ್ಷವಾದ ಅವಳ ಸ್ವಂತ ಬಳೆ. ಅದಕ್ಕೂ ಮುಂಚೆ ಅವನು ತಂದ ಮೂರು ಬಳೆಗಳನ್ನು ಅವಳು ಒಂದೊಂದೇ ವಾಪಸ್ ಮಾಡಿಸಿದ್ದಳು. ನಾಲ್ಕನೆಯದು ಮಾತ್ರ ಒಂದು ಚುಕ್ಕೆ ಕಲೆ ಬಿಡಲಿಲ್ಲ. “ಅಪರಂಜಿ ಅಂದ್ರೆ ಇದು!” ಎಂದು ಅವಳು ಬಂದವರಿಗೆಲ್ಲ ಕೈ ಚಾಚಿ ತೋರಿಸುವಾಗ, ಗಂಡ ಕಾಲರುಗಳಿಗೆ ನೀರು ಚಿಮುಕಿಸುವುದರಲ್ಲಿ ಮುಳುಗಿರುತ್ತಿದ್ದ.

ಈ ಸಲ ತೀರ್ಪಿಗೆ ಬಂದದ್ದು ತಂಗಿಯ ಮಗಳ ನಿಶ್ಚಯದ ಉಂಗುರ. ಹುಡುಗಿ ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಹುಡುಗ ಲೇತ್ ಯಂತ್ರದ ಕೆಲಸದವನು. ಉಂಗುರ ತೊಟ್ಟ ಕೆಲವೇ ದಿನಗಳಲ್ಲಿ ಅವಳ ಬೆರಳಿನ ಸುತ್ತ ಕಪ್ಪಗೆ ಮಸಿ ಬಳಿದಂತಾಯಿತು. ದೊಡ್ಡಮ್ಮ ಅದನ್ನು ತನ್ನ ಬೆರಳಿಗೆ ಹಾಕಿಕೊಂಡಳು. ವಾರ ಕಳೆಯುವಷ್ಟರಲ್ಲಿ ಅವಳ ಬೆರಳು ಹಸಿರಾಯಿತು.

“ನಿನಗೆ ಕಪ್ಪು, ನನಗೆ ಹಸಿರು. ಎರಡೆರಡು ಬಣ್ಣದ ಮೋಸ ಕಣೆ,” ಎಂದಳು ದೊಡ್ಡಮ್ಮ. “ಉಂಗುರದಲ್ಲೇ ಸುಳ್ಳು ಹೇಳೋನು ನಾಳೆ ಸಂಸಾರದಲ್ಲಿ ಏನು ಮಾಡ್ತಾನೆ? ಬೇಡ ಅಂತ ಹೇಳಿಬಿಡು.”

ಹುಡುಗಿಯ ಕಣ್ಣು ತುಂಬಿ ಬಂತು. “ಅವರು ಅಂಥೋರಲ್ಲ ದೊಡ್ಡಮ್ಮ.”

“ಅಂಥೋರು ಯಾರೂ ಹಣೆ ಮೇಲೆ ಬರ್ಕೊಂಡು ಬರಲ್ಲ. ಬೆರಳ ಮೇಲೆ ಬರೆದು ಹೋಗ್ತಾರೆ, ನೋಡು!”

ಹುಡುಗ ಅಂದು ಸಂಜೆಯೇ ಮದುವೆಯ ದಿನಕ್ಕೆ ಒಪ್ಪಿಗೆ ಕೇಳಲು ಬರುವವನಿದ್ದ. ಎಂದೂ ಬಾಯಿ ಹಾಕದ ಗಂಡ ಆಗ ಮೆಲ್ಲಗೆ, “ಮದುವೆ ಮುರಿಯೋ ಮುಂಚೆ ಅಕ್ಕಸಾಲಿಗರ ಹತ್ತಿರ ಒಂದು ಮಾತು ಕೇಳೋಣ,” ಎಂದ.

“ಕೇಳೋಣ. ಅವರ ಬಾಯಿಂದಲೂ ಬರಲಿ,” ಎಂದು ದೊಡ್ಡಮ್ಮ ಶಾಲು ಹೊದ್ದು ಮುಂದೆ ನಡೆದಳು.

ಅಕ್ಕಸಾಲಿಗನ ಅಂಗಡಿ ಒಂದು ಕಪಾಟಿನಷ್ಟೇ ಅಗಲ. ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಉಂಗುರದ ಒಳಗಿನ ಮುದ್ರೆ ಓದಿದ. “ಹದಿನಾಲ್ಕು ಕ್ಯಾರೆಟ್ ಅಂತಿದೆ.”

“ಹೌದು, ಅವರೂ ಹಾಗೇ ಹೇಳಿದ್ರು,” ಎಂದಳು ಹುಡುಗಿ.

“ಮುದ್ರೆ ಯಾರು ಬೇಕಾದ್ರೂ ಒತ್ತಬಹುದು,” ಎಂದಳು ದೊಡ್ಡಮ್ಮ.

“ನಿಜ ಅಮ್ಮಾ. ಅದಕ್ಕೇ ಕಲ್ಲು ಇರೋದು.” ಅವನು ಕಪ್ಪು ಒರೆಗಲ್ಲಿನ ಮೇಲೆ ಉಂಗುರ ಉಜ್ಜಿ ಒಂದು ಗೆರೆ ಎಳೆದ. ಅದರ ಪಕ್ಕದಲ್ಲಿ ತನ್ನಲ್ಲಿದ್ದ ಹದಿನಾಲ್ಕು ಕ್ಯಾರೆಟ್ಟಿನ ಕಡ್ಡಿಯಿಂದ ಇನ್ನೊಂದು, ಹಿತ್ತಾಳೆ ಚೂರಿನಿಂದ ಮತ್ತೊಂದು. ಮೂರರ ಮೇಲೂ ಆ್ಯಸಿಡ್ ಸವರಿದ. ಹಿತ್ತಾಳೆಯ ಗೆರೆ ನೋಡನೋಡುತ್ತ ಮಾಯವಾಯಿತು. ಉಳಿದೆರಡು ಅಣ್ಣತಮ್ಮಂದಿರಂತೆ ಕೂತಿದ್ದವು.

“ಅಸಲಿ. ಮುದ್ರೆ ಎಷ್ಟು ಹೇಳುತ್ತೋ ಅಷ್ಟು.”

ದೊಡ್ಡಮ್ಮ ತನ್ನ ಹಸಿರು ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. “ಹಾಗಾದ್ರೆ ಇದೇನು ಯಜಮಾನ್ರೇ, ಪಾಚಿನಾ?”

“ತಾಮ್ರ ಅಮ್ಮಾ. ಬರೀ ಚಿನ್ನ ಬೆಣ್ಣೆ ಥರ ಮೆತ್ತಗೆ. ಗಟ್ಟಿಯಾಗಲಿ ಅಂತ ತಾಮ್ರನೋ ಬೆಳ್ಳಿನೋ ಸೇರಿಸ್ತೀವಿ. ಕ್ಯಾರೆಟ್ ಇಳಿದಷ್ಟೂ ಅದು ಜಾಸ್ತಿ. ನಿಮ್ಮ ಬೆವರಿನ ಉಪ್ಪು, ಹುಳಿ ತಾಗಿ ತಾಮ್ರ ಹಸಿರಾಗುತ್ತೆ. ಒಬ್ಬೊಬ್ಬರ ಬೆವರು ಒಂದೊಂದು ಥರ. ಬೆಳ್ಳಿ ಒಡವೆಯಲ್ಲೂ ಸ್ವಲ್ಪ ತಾಮ್ರ ಇರುತ್ತೆ; ಜೊತೆಗೆ ಬೆಳ್ಳಿ ತಾನೇ ಕಪ್ಪಾಗುತ್ತೆ. ಸೋಪು ಹಾಕಿ ತೊಳೆದ್ರೆ ಹೋಗೋ ಕಲೆಗೆ ಇಷ್ಟು ಕೋಪ ಯಾಕೆ?”

ನಾದಿನಿಯ ಸರ, ಅತ್ತಿಗೆಯ ಉಂಗುರ, ತಮ್ಮನ ಕಡಗ ಒಂದರ ಹಿಂದೊಂದು ದೊಡ್ಡಮ್ಮನ ಕಣ್ಣ ಮುಂದೆ ಹಾದುಹೋದವು. “ಮತ್ತೆ ಇವಳಿಗೆ ಯಾಕೆ ಕಪ್ಪು?” ಎಂದಳು, ದನಿ ಸ್ವಲ್ಪ ತಗ್ಗಿಸಿ.

“ಕೈಗೆ ಏನಾದ್ರೂ ಹಚ್ತೀಯಾ ಮಗಳೇ? ಪೌಡರು, ಕ್ರೀಮು?”

“ನಾನು ಹಚ್ಕೊಳ್ಳಲ್ಲ. ಕೂಸುಗಳ ತಿಕಕ್ಕೆ ಹಚ್ತೀನಿ, ಕೆಂಪಗಾದಾಗ. ಬೆಳ್ಳಗಿನ ಸತುವಿನ ಮುಲಾಮು.”

ಮುದುಕ ನಕ್ಕ. “ಸಿಕ್ಕಿದ್ನಲ್ಲ ಕಳ್ಳ! ಅದರಲ್ಲಿ ಸಣ್ಣ ಸಣ್ಣ ಗಡಸು ಕಣ ಇರುತ್ತೆ. ಉಂಗುರಾನ ಉಜ್ಜಿ ಉಜ್ಜಿ ತೇಯುತ್ತೆ. ತೇಯ್ದ ಪುಡಿ ಹೊಳೆಯಲ್ಲ, ಕಪ್ಪಗೆ ಕಾಣುತ್ತೆ. ಕೆಲಸಕ್ಕೆ ಹೋಗೋವಾಗ ಬಿಚ್ಚಿಡು.”

“ಕಲೆ ಬಂದ ಮಾತ್ರಕ್ಕೆ ನಕಲಿ ಅಲ್ಲ ಅನ್ನಿ,” ಎಂದಳು ದೊಡ್ಡಮ್ಮ. ಆ ವಾಕ್ಯ ಅವಳ ಬಾಯಿಂದ ಮೀನಿನ ಮುಳ್ಳಿನಂತೆ ಹೊರಬಂತು. “ಆದ್ರೆ ಕಲೆ ಬರದಿದ್ರೆ ಅಸಲಿ, ಅಲ್ವಾ?”

“ಅದೂ ಇಲ್ಲ. ಈಗ ಉಕ್ಕಿನ ಮೇಲೆ ಚಿನ್ನದ ಬಣ್ಣದ ಲೇಪ ಕೊಡ್ತಾರೆ. ತುಕ್ಕು ಹಿಡಿಯದ ಉಕ್ಕು, ಸಾಮಾನ್ಯವಾಗಿ ಯಾರ ಕೈಗೂ ಕಲೆ ಮಾಡಲ್ಲ. ಎಲ್ಲಾದರೂ ಆಳವಾಗಿ ಗೀರಿದಾಗ ಒಳಗಿನ ಬಿಳಿ ಕಾಣುತ್ತೆ, ಅಷ್ಟೇ.”

ದೊಡ್ಡಮ್ಮನ ಬಳೆಯ ಒಳಮೈಯಲ್ಲಿ ಒಂದು ಬಿಳಿ ಗೀರು ಇತ್ತು. ಕೊಕ್ಕೆಗೆ ಸಿಕ್ಕಿ ಆದದ್ದು. ಚಿನ್ನದ ಹೊಳಪೇ ಹಾಗೆ ಎಂದುಕೊಂಡಿದ್ದಳು. ಅವಳು ಮೆಲ್ಲಗೆ ಶಾಲಿನ ಅಂಚನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು ಗಂಡನ ಕಡೆ ತಿರುಗಿದಳು. ಅವನು ಗೋಡೆಯ ನಿಂತುಹೋದ ಗಡಿಯಾರದಲ್ಲಿ ಬಹಳ ಶ್ರದ್ಧೆಯಿಂದ ಗಂಟೆ ನೋಡುತ್ತಿದ್ದ.

ಹೊರಗೆ ಬಂದು ಹುಡುಗಿ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ದೊಡ್ಡಮ್ಮ ಬಾಯಿಬಿಟ್ಟಳು. “ರೀ.”

“ಹೇಳು ಮಾರಾಯ್ತಿ.”

“ನೀವೇ ಹೇಳಿ.”

“ಚಿನ್ನದ್ದು ಮೂರು ತಂದೆ. ಮೂರನ್ನೂ ನೀನು ನಕಲಿ ಅಂದೆ. ಕಲೆ ಆಗದ್ದು ಕೊಡಿ ಅಂತ ನಾನು ಅಂಗಡಿಯವನನ್ನ ಕೇಳಿದೆ. ಅವನು ಉಕ್ಕಿಂದು ಕೊಟ್ಟ. ನೀನು ಅಪರಂಜಿ ಅಂದೆ. ಅಷ್ಟು ಸಂತೋಷ ನಿನ್ನ ಮುಖದಲ್ಲಿ ನಾನು ನೋಡೇ ಇರಲಿಲ್ಲ. ಹೇಗೆ ಹೇಳಲಿ?”

“ಆ ಮೂರು ಈಗೆಲ್ಲಿ?”

“ಎರಡನ್ನ ಅಂಗಡಿಯವನು ವಾಪಸ್ ತಗೊಂಡ. ಮೂರನೇದನ್ನ ತಗೊಳ್ಳಲಿಲ್ಲ. ಬೀರುವಿನಲ್ಲಿ, ನನ್ನ ಉಣ್ಣೆ ಟೋಪಿ ಒಳಗಿದೆ.”

ಒಡವೆ ಸುಳ್ಳಾದರೆ ಕೊಟ್ಟವನೂ ಸುಳ್ಳು ಎಂಬ ತನ್ನದೇ ಕಾನೂನು ಅವಳಿಗೆ ನೆನಪಾಯಿತು. ಆ ಕಾನೂನಿನಂತೆ ನಡೆದರೆ ಇವತ್ತು ಮನೆ ಬಿಡಬೇಕಾದವನು ಲೇತ್ ಹುಡುಗನಲ್ಲ. ಅವಳು ಮನಸ್ಸಿನಲ್ಲೇ ದೇವರನ್ನು ನೆನೆದು, ಬೆವರನ್ನು ಹೀಗೆ ಒಬ್ಬೊಬ್ಬರಿಗೆ ಒಂದೊಂದು ಬಗೆ ಮಾಡಿದೆಯಲ್ಲ ಎಂದು ಸ್ವಲ್ಪ ಮುನಿಸಿಕೊಂಡಳು. ಆಮೇಲೆ ಹುಡುಗಿಯನ್ನು ಕೂಗಿದಳು.

“ಏಯ್, ಅವನು ಕ್ಯಾರೆಟ್ ಮೊದಲೇ ಬಾಯಿಬಿಟ್ಟು ಹೇಳಿದ್ನಾ?”

“ಹೇಳಿದ್ರು ದೊಡ್ಡಮ್ಮ. ಇದಕ್ಕಿಂತ ಮೇಲಿನದು ಸದ್ಯ ಆಗಲ್ಲ ಅಂತಾನೂ ಹೇಳಿದ್ರು.”

“ಹಾಗಾದ್ರೆ ಒಳ್ಳೆಯವನೇ. ಕೆಲವರಿಗಿಂತ ಒಳ್ಳೆಯವನು. ಸಂಜೆ ಬಂದಾಗ ಹೂಂ ಅನ್ನು. ಉಂಗುರ ತೊಟ್ಟೇ ಬಾಗಿಲು ತೆಗಿ.”

ಗಂಡ ಕೆಮ್ಮಿದ.

ಈಗ ದೊಡ್ಡಮ್ಮ ಟೋಪಿಯೊಳಗಿನ ಬಳೆ ತೊಟ್ಟು ಇಸ್ತ್ರಿ ಮಾಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಹಸಿರಾಗುತ್ತದೆ. ಬಟ್ಟೆ ಕೊಡಲು ಬಂದ ನಾದಿನಿ ಅದನ್ನು ನೋಡಿ ಬಿಡುತ್ತಾಳೆಯೇ? “ಅಯ್ಯೋ ಅತ್ತಿಗೆ, ಪಾಪ, ನಿಮ್ಮ ಕಣ್ಣಿಗೇ ಮಣ್ಣೆರಚಿದ್ರಾ?” ಎನ್ನುತ್ತಾಳೆ.

“ಚಿನ್ನಾನೇ ಕಣೆ. ತಾಮ್ರ ಸೇರಿರುತ್ತೆ. ನಿನ್ನ ಸರಾನೂ ಬಹುಶಃ ಅಸಲಿನೇ ಇತ್ತು, ಒರೆ ಹಚ್ಚಿಸಿ ನೋಡು,” ಎಂದು ದೊಡ್ಡಮ್ಮ ಎಷ್ಟು ಹೇಳಿದರೂ ನಾದಿನಿ ನಂಬುವುದಿಲ್ಲ.

“ಸುಮ್ನಿರಿ ಅತ್ತಿಗೆ. ಕಲೆ ಬಂದ್ರೆ ನಕಲಿ ಅಂತ ನಮಗೆ ಕಲಿಸಿದ್ದೇ ನೀವು.”

ದೊಡ್ಡಮ್ಮ ಒದ್ದೆ ಬಟ್ಟೆಗೆ ಸೋಪು ಹಚ್ಚಿ ಮಣಿಕಟ್ಟು ಒರೆಸಿಕೊಂಡು ಮುಂದಿನ ಅಂಗಿಯನ್ನು ಎಳೆದುಕೊಳ್ಳುತ್ತಾಳೆ.