ಕೂತಲ್ಲೇ ಹತ್ತೊಂಬತ್ತು ಸಾವಿರ ಹೆಜ್ಜೆ

ನಾನು ಓದಿದ ಬರಹಗಳಲ್ಲಿ ನನಗೆ ತೀರ ಹೇಸಿಗೆ ಹುಟ್ಟಿಸಿದ್ದು ನಾನೇ ಬರೆದದ್ದು. ಉದ್ದವೇನಿಲ್ಲ, ಹತ್ತು ಸಾಲು. ಕೈಗೆ ಕಟ್ಟಿಕೊಳ್ಳುವ, ಹೆಜ್ಜೆ ಎಣಿಸುವ ಒಂದು ಫಿಟ್‌ನೆಸ್ ಬ್ಯಾಂಡಿನ ಜಾಹೀರಾತಿಗೆ ಬರೆದ ಕ್ಯಾಪ್ಶನ್. ಅದರ ಕೆಳಗೆ ನನ್ನ ಹೆಸರಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ.

ಆಗ ನಾನು ಆರ್.ಟಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಪುಟ್ಟ ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಇನ್‌ಫ್ಲುಯೆನ್ಸರ್‌ಗಳು ಹಾಕುವ ಪೋಸ್ಟುಗಳಿಗೆ ಮಾತು ಬರೆಯುವುದು ನನ್ನ ಕೆಲಸ. ಅವರು ಹೃದಯದಿಂದ ಬರೆಯುತ್ತಾರೆ ಎಂದು ಜನ ನಂಬಿರುತ್ತಾರೆ. ಅವರ ಹೃದಯ ನಮ್ಮ ಆಫೀಸಿನಲ್ಲಿ, ಪಫ್ಸಿನ ವಾಸನೆಯ ನಡುವೆ, ನನ್ನ ಲ್ಯಾಪ್‌ಟಾಪಿನಲ್ಲಿ ಇರುತ್ತಿತ್ತು.

ಬ್ಯಾಂಡಿನ ಕಂಪನಿಯಿಂದ ಬ್ರೀಫ್ ಬಂತು. ಏನು ಹೇಳಬೇಕು, ಏನು ಹೇಳಬಾರದು ಎಂಬ ಪಟ್ಟಿ ಅದು. ಜಾಹೀರಾತು ಎನ್ನುವುದು ಮೊದಲೇ ಕಾಣಬೇಕು. ರಿಯಾಯಿತಿಯ ಕೋಡ್ ಇರಬೇಕು. ಕಾಯಿಲೆ, ಡಾಕ್ಟರು, ವಾಸಿಯಾಗುವುದು, ಇಂಥ ಯಾವ ಮಾತೂ ಬರಕೂಡದು. ಏಳು ದಿನ ನಿಜವಾಗಿ ಕಟ್ಟಿಕೊಂಡು ಆ್ಯಪಿನ ಸ್ಕ್ರೀನ್‌ಶಾಟ್ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬರಹ ಪಕ್ಕದ ಮನೆಯ ಗೆಳತಿ ಮಾತಾಡಿದಂತೆ ಇರಬೇಕು.

ಪೋಸ್ಟ್ ಹಾಕಬೇಕಾದವಳು ತಣಿಸಂದ್ರದ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿದ್ದಳು. ತಾನು ಸೋಮಾರಿ, ತಿಂಡಿಪೋತಿ, ನಿಮ್ಮಂತೆಯೇ ಸಾಮಾನ್ಯಳು ಎಂದು ಹೇಳಿಕೊಳ್ಳುವುದೇ ಅವಳ ಬಂಡವಾಳ. ನಿಜದಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ಟ್ರೇನರ್ ಇಟ್ಟುಕೊಂಡು ಬೆವರಿಳಿಸುವ ಹೆಂಗಸು. ಆದರೆ ಅವಳ ಕೈಯಲ್ಲಿ ಆಗಲೇ ಬೇರೆ ಬೆಲೆಬಾಳುವ ಗಡಿಯಾರವಿತ್ತು, ಅದನ್ನು ಬಿಚ್ಚಲು ಅವಳು ತಯಾರಿರಲಿಲ್ಲ. ಬ್ಯಾಂಡನ್ನು ಡಬ್ಬದ ಸಮೇತ ನಮ್ಮ ಆಫೀಸಿಗೆ ಕಳಿಸಿ, “ಡೇಟಾ ನೀವೇ ನೋಡ್ಕೊಳ್ಳಿ ಪ್ಲೀಸ್” ಎಂದು ಸಂದೇಶ ಹಾಕಿದಳು.

ನಮ್ಮ ಆಫೀಸು ನಡೆಸುತ್ತಿದ್ದವನು ನನ್ನ ವಯಸ್ಸಿನವನೇ. ಗಂಡಸು ಹೆಂಗಸು ಎನ್ನದೆ ಎಲ್ಲರನ್ನೂ ಗುರು ಎನ್ನುತ್ತಿದ್ದ. “ನೀನೇ ಕಟ್ಕೋ ಗುರು, ಅವ್ಳ ಹೆಸ್ರಲ್ಲಿ ಲಾಗಿನ್ ಮಾಡ್ಕೋ” ಎಂದ. ಕಟ್ಟಿಕೊಂಡೆ. ಇಡೀ ದಿನ ಕುರ್ಚಿಯಲ್ಲಿ ಕೂತು ಬೇರೆಯವರ ಚುರುಕುತನವನ್ನು ಬರೆಯುವವಳು ಎಷ್ಟು ನಡೆದಾಳು? ಸಂಜೆಗೆ ಎರಡು ಸಾವಿರದ ಚಿಲ್ಲರೆ. ಅವನು ನೋಡಿ ಮೂಗು ಮುರಿದ. “ಇದನ್ನ ಹಾಕಿದ್ರೆ ಕ್ಲೈಂಟ್ ಕೈ ಬಿಟ್ಟುಹೋಗ್ತಾನೆ. ಓಡಾಡೋರು ಯಾರಿಗಾದ್ರೂ ಕಟ್ಟು.”

ನಾನು ಬಾಡಿಗೆಗಿದ್ದದ್ದು ಬೆಂಗಳೂರಿನದೇ ಬಡಾವಣೆಯಾದ ಸಿಂಗಾಪುರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ನಮ್ಮ ಕಡೆಯ, ಬಾಗಲಕೋಟೆಯ ಬದಿಯ ಅಕ್ಕನೊಬ್ಬರು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಊರು ಬಿಟ್ಟು ಬಂದವರೆಲ್ಲ ಸಂಜೆ ಅಲ್ಲಿ ಸೇರುತ್ತಿದ್ದರು. ನಾನಂತೂ ವಾರಕ್ಕೆ ನಾಲ್ಕು ಸಲ ಅವರ ಒಲೆಯ ಮುಂದೆಯೇ ಊಟ ಮುಗಿಸುತ್ತಿದ್ದೆ. ಆಫೀಸಿನಲ್ಲಿ ಬೆಂಗಳೂರಿನ ಕನ್ನಡ ಆಡಿ ಆಡಿ ಬತ್ತಿದ ನಾಲಿಗೆಗೆ ಅಲ್ಲಿ ಖಾರವೂ ಸಿಗುತ್ತಿತ್ತು, ಮಾತೂ ಸಿಗುತ್ತಿತ್ತು.

ಅವರು ಓಡಾಡುವವರಲ್ಲ. ಮಣೆಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಆದರೂ ಒಂದು ಸಂಜೆ ಅವರು ರೊಟ್ಟಿ ಬಡಿಯುವುದನ್ನು ನೋಡುತ್ತ ಕೂತಿದ್ದಾಗ ನನಗೆ ಹೊಳೆಯಿತು. ಈ ಬ್ಯಾಂಡಿಗೆ ಕಾಲು ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಮಣಿಕಟ್ಟು ಮಾತ್ರ. ಕೈ ಒಂದೇ ತಾಳದಲ್ಲಿ ಆಡಿದರೆ ಅದು ನಡಿಗೆ ಎಂದುಕೊಳ್ಳುತ್ತದೆ. ರೊಟ್ಟಿ ಬಡಿಯುವ ಕೈಗಿಂತ ತಾಳ ತಪ್ಪದ ಕೈ ಬೇರೆ ಯಾವುದಿದೆ?

“ಅಕ್ಕಾರ, ಒಂದ್ ವಾರ ಇದನ್ನ ಬಲಗೈಗೆ ಕಟ್ಕೊಳ್ರಿ. ನಮ್ಮ ಆಫೀಸಿಂದು” ಎಂದೆ.

“ಏನ್ ಮಾಡತೈತಿದು?”

“ಎಷ್ಟ್ ಕೆಲಸ ಮಾಡೀರಿ ಅಂತ ಎಣಸತೈತ್ರಿ.”

ಅವರು ನಕ್ಕುಬಿಟ್ಟರು. “ನನ್ನ ಕೆಲಸ ಎಣಸಾಕ ಒಂದ್ ಮಷೀನ್ ಹುಟ್ಟಿ ಬಂತಲ್ಲ ತಂಗಿ!” ಎಂದು ಹಸಿರು ಬಳೆಗಳನ್ನು ಮೇಲೆ ಸರಿಸಿ ಕೈ ಚಾಚಿದರು. ಬ್ಯಾಂಡಿನ ಅಡಿಯಲ್ಲಿ ಮಿಣುಕುವ ಹಸಿರು ಬೆಳಕನ್ನು ಕಂಡು, ಬಳೆಗೆ ಒಪ್ಪುತ್ತದೆ ಎಂದರು.

ಮೊದಲ ದಿನವೇ ಹದಿನಾಲ್ಕು ಸಾವಿರ ಹೆಜ್ಜೆ! ಮಣೆಯಿಂದ ಏಳದೆ! ದಿನಾ ಸಂಜೆ ಕೆಳಗಿಳಿದು, ನನ್ನ ಫೋನನ್ನು ಬ್ಯಾಂಡಿನ ಹತ್ತಿರ ಹಿಡಿದು, ಅದರೊಳಗಿನ ಲೆಕ್ಕವನ್ನು ಆ್ಯಪಿಗೆ ಇಳಿಸಿಕೊಳ್ಳುತ್ತಿದ್ದೆ. ಜೊತೆಗೆ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ. ಆಫೀಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಇತ್ತ ಕ್ಯಾಪ್ಶನ್ ನಾಲ್ಕು ಸಲ ಹಿಂದಕ್ಕೆ ಬಂದಿತ್ತು. ಪ್ರತಿ ಸಲವೂ ಒಂದೇ ಮಾತು: ಇನ್ನೂ ಆಪ್ತವಾಗಿರಲಿ, ಮೊದಲ ಸಾಲು ಹಿಡಿದು ನಿಲ್ಲಿಸಲಿ. ಮೊದಲ ಎರಡು ಸಾಲಷ್ಟೇ ಕಾಣುತ್ತವೆ, ಉಳಿದದ್ದು ಬೇಕಾದರೆ ಜನ ಒತ್ತಿ ತೆರೆಯಬೇಕು. ಹಾಗಾಗಿ ಆ ಎರಡು ಸಾಲಿನಲ್ಲಿ ನಾಚಿಕೆ ಬಿಟ್ಟು ಹಲ್ಲು ಕಿರಿಯಬೇಕು. ಕೊನೆಗೆ ಒಪ್ಪಿಗೆಯಾದದ್ದು ಇದು:

“ಜಾಹೀರಾತು. ಕೈ ಎತ್ರಪ್ಪಾ, ಸೋಫಾ ಬಿಟ್ಟು ಏಳ್ದೇ ಇರೋಕೆ ನನ್ ಥರಾನೇ ನೆಪ ಹುಡ್ಕೋರು! ಹೋದ ವಾರದ ತನಕ ಫ್ರಿಜ್‌ವರೆಗೆ ಹೋಗಿ ಬರೋದೇ ನನ್ ವಾಕಿಂಗು. ಆಮೇಲೆ ಈ ಪುಟಾಣಿ ಕೈಗೆ ಬಂತು. ಬೈಯಲ್ಲ, ಹೆದರ್ಸಲ್ಲ, ಮೆತ್ತಗೆ ಝುಂ ಅಂತ ತಟ್ಟಿ ‘ಏಳು ಚಿನ್ನ’ ಅನ್ನತ್ತೆ. ಏಳು ದಿನ ಆಯ್ತು. ನನ್ ನಂಬರ್ ನೋಡಿ ನಂಗೇ ನಂಬಿಕೆ ಇಲ್ಲ! ನಾನೇ ಮಾಡಿದೀನಿ ಅಂದ್ಮೇಲೆ ನೀವು ಮಾಡಲ್ವಾ? ಕೋಡ್ ಕೆಳಗಿದೆ, ಲಿಂಕ್ ಬಯೋದಲ್ಲಿದೆ. ನಿಮ್ ಸೋಮಾರಿ ಫ್ರೆಂಡ್‌ನ ಟ್ಯಾಗ್ ಮಾಡಿ.”

ನಡುನಡುವೆ ಕಣ್ಣು ಮುಚ್ಚಿಕೊಂಡ ಕೋತಿ, ಬೆಂಕಿ, ಹೃದಯದ ಎಮೋಜಿಗಳು. ಅವನ್ನು ಎಲ್ಲಿ ಇಡಬೇಕೆಂದು ಇಪ್ಪತ್ತು ನಿಮಿಷ ಚರ್ಚೆ ನಡೆದಿತ್ತು.

ಐದನೆಯ ದಿನ ಗುರುವಾರ. ಚಿಕ್ಕಜಾಲದ ಒಂದು ಗೃಹಪ್ರವೇಶಕ್ಕೆ ದೊಡ್ಡ ಆರ್ಡರ್ ಇದ್ದದ್ದರಿಂದ ಅಕ್ಕ ಬೆಳಗಿನ ನಾಲ್ಕಕ್ಕೇ ಒಲೆ ಹಚ್ಚಿದ್ದರು. ಸಂಜೆ ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದರು, ಮುಖ ಜೋಳದ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಆದರೂ ನನ್ನನ್ನು ಕಂಡೊಡನೆ ತಟ್ಟೆ ಹಾಕಿದರು. ನಾನು ತಿನ್ನುತ್ತ ಫೋನ್ ತೆಗೆದೆ. ಹತ್ತೊಂಬತ್ತು ಸಾವಿರ. ಅದರ ಕೆಳಗೇ ಕೆಂಪು ಗುರುತಿನ ಒಂದು ಎಚ್ಚರಿಕೆ: ಮಧ್ಯಾಹ್ನ ಮೂರು ಹತ್ತಕ್ಕೆ, ಹತ್ತು ನಿಮಿಷ ಅಲುಗಾಡದೆ ಇದ್ದಂತೆ ಕಂಡರೂ ಎದೆಬಡಿತ ನಿಮಿಷಕ್ಕೆ ನೂರಿಪ್ಪತ್ತನ್ನು ಮೀರಿತ್ತು.

“ಮಧ್ಯಾಹ್ನ ಅಡ್ಡಾದಾಗ ಅದು ಝುಂಯ್ ಝುಂಯ್ ಅಂತು ತಂಗಿ. ಏನಂತದು?” ಎಂದು ಅಕ್ಕ ಕೇಳಿದರು.

ನನ್ನ ಬಾಯಲ್ಲಿ ಅವರ ರೊಟ್ಟಿ ಇತ್ತು. ಹೇಳಿದರೆ ಅವರು ಹೆದರಿ ಬ್ಯಾಂಡ್ ಬಿಚ್ಚುತ್ತಾರೆ. ಇನ್ನೂ ಎರಡು ದಿನ ಬೇಕು. ಏಳು ದಿನದ ಸಾಲಿನಲ್ಲಿ ಎರಡು ಖಾಲಿ ಬಿದ್ದರೆ ಪೋಸ್ಟ್ ಹೋಯಿತು, ಕ್ಲೈಂಟ್ ಹೋದ. ಇಷ್ಟೆಲ್ಲ ಒಂದು ತುತ್ತು ಅಗಿಯುವಷ್ಟರಲ್ಲಿ ಯೋಚಿಸಿದೆ. ತಿಳಿಯದೆ ಆಗಿದ್ದಲ್ಲ.

“ಚಾರ್ಜ್ ಕಡಿಮಿ ಆಗಿರಬೇಕ್ರಿ ಅಕ್ಕಾರ” ಎಂದೆ.

ಮರುದಿನ ಆಫೀಸಿನಲ್ಲಿ ಆ ಎಚ್ಚರಿಕೆಯನ್ನು ತೋರಿಸಿದೆ. ಯಾರಾದರೂ “ಅಯ್ಯೋ, ಆಯಮ್ಮನಿಗೆ ಹೇಳಿದ್ಯಾ?” ಎಂದು ಕೇಳುತ್ತಾರೆಂದು ಒಳಗೊಳಗೇ ಕಾದಿದ್ದೆ. ನಮ್ಮ ಗುರು ಪರದೆ ನೋಡಿದ. “ಸೂಪರ್ ನಂಬರ್. ಕೆಳಗಡೆದು ಕ್ರಾಪ್ ಮಾಡ್ಬಿಡು. ಆರೋಗ್ಯದ ವಿಷ್ಯ ಎತ್ಬಾರ್ದು ಅಂತ ಬ್ರೀಫಲ್ಲೇ ಇದ್ಯಲ್ಲ.” ಅವನ ಮೇಲೆ ಅಸಹ್ಯವಾಯಿತು. ಅಸಹ್ಯಪಡುತ್ತಲೇ ಬೆರಳಿನಿಂದ ಆ ಚಿತ್ರದ ಅಂಚನ್ನು ಮೇಲಕ್ಕೆಳೆದೆ. ಎಚ್ಚರಿಕೆ ಮಾಯವಾಯಿತು, ಹೆಜ್ಜೆ ಉಳಿದವು. ಶನಿವಾರ ಏಳು ದಿನ ತುಂಬಿದ ಮೇಲೆ ಬ್ಯಾಂಡ್ ಬಿಚ್ಚಿಕೊಂಡು, “ಥ್ಯಾಂಕ್ಸ್ ರೀ ಅಕ್ಕಾರ” ಎಂದು ಮೇಲೆ ಹೋದೆ. ಆಗಲೂ ಹೇಳಲಿಲ್ಲ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ!

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪೋಸ್ಟ್ ಬಂತು. ತಣಿಸಂದ್ರದವಳು ಬಾಲ್ಕನಿಯಲ್ಲಿ ಕಾಫಿ ಹಿಡಿದು ನಗುತ್ತಿದ್ದಾಳೆ. ಪಕ್ಕಕ್ಕೆ ಸರಿಸಿದರೆ ಗುರುವಾರದ ಹತ್ತೊಂಬತ್ತು ಸಾವಿರ. ಕೆಳಗೆ ಜನ ಸಾಲುಗಟ್ಟಿದ್ದರು. “ಅಕ್ಕಾ ನಿಮ್ ಎನರ್ಜಿಗೆ ನಮಸ್ಕಾರ”, “ನೀವೇ ಸ್ಫೂರ್ತಿ”. ಅವಳು ಒಬ್ಬೊಬ್ಬರಿಗೂ ಕೆಂಪು ಹೃದಯ ಒತ್ತುತ್ತಿದ್ದಳು. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ! ಆ ಹೃದಯಗಳನ್ನು ನೋಡುತ್ತ ನೋಡುತ್ತ ನನಗೆ ಕತ್ತರಿಸಿ ಹಾಕಿದ ಆ ಕೆಂಪು ಗುರುತು ನೆನಪಾಯಿತು. ಆಫೀಸಿಗೆ ಹೊರಡುವ ಬದಲು ಕೆಳಗಿಳಿದೆ.

ಅಕ್ಕ ಹಿಟ್ಟಿನ ಚೀಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಎರಡು ಮೆಟ್ಟಿಲು ಹತ್ತಿ ನೀರು ತಂದಿದ್ದಷ್ಟೇ ಅಂತೆ. “ಬರ್ರಿ, ಡಾಕ್ಟರ್ ಹತ್ರ ಹೋಗೂಣು” ಎಂದೆ. “ರೊಟ್ಟಿ ಯಾರ್ ಬಡೀತಾರ?” ಎಂದು ಗೊಣಗಿದರೂ ನಾನು ಹಿಡಿದು ಎಬ್ಬಿಸಿದಾಗ ಎದ್ದರು. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದರು. ಯಾರೂ ಇಲ್ಲದ ಊರಲ್ಲಿ ನೀನೊಬ್ಬಳು ಇದ್ದೀಯಲ್ಲ ಎಂದರು.

ಕ್ಲಿನಿಕ್ಕಿನ ಡಾಕ್ಟರಮ್ಮ ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಬಳೆಗಳನ್ನು ಮೇಲೆ ಸರಿಸಿ ನಾಡಿ ಹಿಡಿದರು. “ರಕ್ತ ತುಂಬಾ ಕಮ್ಮಿ ಇರೋ ಹಾಗಿದೆ, ಅದಕ್ಕೇ ಹೃದಯ ಹಿಂಗೆ ಓಡ್ತಿದೆ. ಟೆಸ್ಟ್ ಮಾಡ್ಸಿ, ಇಸಿಜಿನೂ ತೆಗೆಯೋಣ” ಎಂದರು. ಆಮೇಲೆ, “ಸುಮ್ನೆ ಕೂತಾಗ್ಲೂ ಹೊಡ್ಕೊಳ್ಳತ್ತಾ? ಯಾವಾಗಿಂದ?” ಎಂದು ಕೇಳಿದರು.

ಅಕ್ಕನಿಗೆ ಸರಿಯಾಗಿ ಹೇಳಲು ಆಗಲಿಲ್ಲ. ಆಯಾಸ ಎಂದುಕೊಂಡಿದ್ದೆ ಎಂದರು. ಡಾಕ್ಟರಿಗೆ ತಿಳಿಯಲೇಬೇಕಿತ್ತು, ತಿಳಿದಿದ್ದವಳು ನಾನು. ಫೋನ್ ತೆಗೆದು ಕತ್ತರಿಸದ ಚಿತ್ರವನ್ನು ಮೇಜಿನ ಮೇಲಿಟ್ಟೆ.

“ಒಳ್ಳೇದಾಯ್ತು, ಇದು ಇದ್ದಿದ್ದು” ಎಂದು ಡಾಕ್ಟರಮ್ಮ ಗಟ್ಟಿಯಾಗಿ ಓದಿದರು. “ಗುರುವಾರ, ಮಧ್ಯಾಹ್ನ ಮೂರು ಹತ್ತು. ನೂರಿಪ್ಪತ್ತರ ಮೇಲೆ. ಅವತ್ತೇ ಕರ್ಕೊಂಡ್ ಬರೋದಲ್ವೇನಮ್ಮ?”

ಅಕ್ಕ ಫೋನನ್ನು ನೋಡಿದರು. ಅವರಿಗೆ ಅದರಲ್ಲಿದ್ದದ್ದನ್ನು ಓದಬೇಕಾಗಿರಲಿಲ್ಲ, ವಾರ ಮತ್ತು ಹೊತ್ತು ಕೇಳಿದ್ದೇ ಸಾಕಾಗಿತ್ತು. ಆಟೋದಿಂದ ಹಿಡಿದುಕೊಂಡಿದ್ದ ನನ್ನ ಕೈಯನ್ನು ಬಿಟ್ಟು, ಮೇಲೆ ಸರಿಸಿದ್ದ ಬಳೆಗಳನ್ನು ಒಂದೊಂದಾಗಿ ಮಣಿಕಟ್ಟಿಗೆ ಇಳಿಸಿಕೊಂಡರು.

“ಚಾರ್ಜ್ ಕಡಿಮಿ ಆಗಿರಬೇಕು ಅಂದಿದ್ದಿಯಲ್ಲ, ತಂಗಿ?” ಎಂದರು.