ಕೈ ತೊಳೆಯದೆ ಓದಿದ ಪುಸ್ತಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರದ್ದಿ ಅಂಗಡಿಯ ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಹೊಕ್ಕ ಹಳೇ ಪುಸ್ತಕದಂಗಡಿಯ ಪುಸ್ತಕದಕ್ಕ, ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಹಿಂದೆ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದು ನಿಂತವರು ಅವರ ಯಜಮಾನರು. ಕಾಗದದ ಕಾರ್ಖಾನೆಯ ಲಾರಿ ಬರುವುದರೊಳಗೆ ಆರಿಸಿ ಮುಗಿಸಬೇಕು. ಲಾರಿ ಹತ್ತಿದ ಪುಸ್ತಕ ಆಮೇಲೆ ರಟ್ಟಿನ ಡಬ್ಬವಾಗಿಯೇ ಊರಿಗೆ ಮರಳುವುದು.

ಅಕ್ಕ ಪುಸ್ತಕದ ಹೆಸರು ನೋಡುವುದು ಕಟ್ಟಕಡೆಗೆ. ಮೊದಲು ಮೂಸಿ ನೋಡುತ್ತಾರೆ. ಬೂಷ್ಟು ವಾಸನೆ ಬಂದರೆ ಅದು ಪಕ್ಕಕ್ಕೆ, ಏಕೆಂದರೆ ಒಂದು ಒದ್ದೆ ಪುಸ್ತಕ ಇಡೀ ಕಪಾಟನ್ನು ಕೆಡಿಸುತ್ತದೆ. ಬೆನ್ನು ಹಿಡಿದು ಮೆಲ್ಲಗೆ ಅಲುಗಿಸುತ್ತಾರೆ. ಹಾಳೆ ಸಡಿಲವಾಗಿದ್ದರೆ ಅದು ಯಜಮಾನರ ಪಾಲು. ಆಮೇಲೆ ಪುಸ್ತಕ ಮುಚ್ಚಿ, ಹಾಳೆಗಳ ಅಂಚನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಓದಿದವರ ಬೆರಳು ತಾಗಿದಷ್ಟು ದೂರ ಅಂಚು ಮಾಸಿರುತ್ತದೆ, ಓದು ನಿಂತಲ್ಲಿಂದ ಬೆಳ್ಳಗೆ ಉಳಿದಿರುತ್ತದೆ.

“ನೋಡಿ, ಇವರು ಕಾಲು ಭಾಗಕ್ಕೇ ಕೈಬಿಟ್ಟಿದಾರೆ. ಇದು ಮಾತ್ರ ಕೊನೇವರೆಗೂ ಹೋಗಿದೆ, ನಡುವೆ ಒಂದು ಕಡೆ ಜಾಸ್ತಿ ಹೊತ್ತು ತೆರೆದಿಟ್ಟಿದಾರೆ” ಎನ್ನುತ್ತಾ ಅಕ್ಕ ಆ ಪುಸ್ತಕವನ್ನು ಅಂಗೈ ಮೇಲೆ ಬಿಡುತ್ತಾರೆ. ಅದು ತಾನಾಗಿ ಆ ಪುಟಕ್ಕೇ ತೆರೆದುಕೊಳ್ಳುತ್ತದೆ. ಪತ್ರಿಕೆಯ ವಾರದ ಪುರವಣಿಗೆ ಅಕ್ಕನ ಬಗ್ಗೆ ಬರೆಯಲು ಬಂದವರು ಬೆರಗಾಗಿ ಫೋಟೋ ತೆಗೆಯುತ್ತಾರೆ. ಚಿತ್ರದಲ್ಲಿ ಅಕ್ಕ ಇದ್ದಾರೆ, ಪುಸ್ತಕ ಇದೆ, ಗೋಣಿಚೀಲವೂ ಇದೆ. ಚೀಲ ಹಿಡಿದ ಎರಡು ಕೈ ಇವೆ. ಕೈಗಳ ಯಜಮಾನರು ಚೌಕಟ್ಟಿನ ಆಚೆ ಉಳಿದಿದ್ದಾರೆ.

ಯಜಮಾನರಿಗೆ ಇದು ಹೊಸದೇನಲ್ಲ. ಫೋಟೋದ ಆಸೆ ಅವರಿಗಿಲ್ಲ. ಮೊನ್ನೆಮೊನ್ನೆಯವರೆಗೆ ಅವರಿಗಿದ್ದ ಹೊಟ್ಟೆಕಿಚ್ಚಿನ ಮೂಲ ಬೇರೆಯೇ. ಊರಿನ ಮುಕ್ಕಾಲು ಪಾಲು ಜನಕ್ಕೆ ಅವರವರಿಗೆ ತಕ್ಕ ಪುಸ್ತಕ ಹುಡುಕಿಕೊಟ್ಟ ಹೆಂಡತಿ, ಮದುವೆಯಾಗಿ ಇಷ್ಟು ವರ್ಷವಾದರೂ ತನಗೊಂದು ಪುಸ್ತಕ ಕೊಟ್ಟಿರಲಿಲ್ಲ. ಕೊಟ್ಟದ್ದೆಲ್ಲ ಹರಿದದ್ದು, ಅದೂ ಅಂಟಿಸುವುದಕ್ಕೆ.

ಅಕ್ಕನ ಅಂಗಡಿ ಇರುವುದು ಎರಡು ಕಟ್ಟಡಗಳ ನಡುವಿನ ಓಣಿಗೆ ಮಾಡು ಹಾಕಿದಂಥ ಜಾಗದಲ್ಲಿ. ಮುಂದೆ ಅಕ್ಕನ ಮೇಜು, ಎರಡೂ ಕಡೆ ಕಪಾಟು, ಹಿಂದುಗಡೆ ಪರದೆಯ ಆಚೆ ಯಜಮಾನರ ಹಲಗೆ. ಅಲ್ಲಿ ಸೂಜಿ, ಮೇಣ ಸವರಿದ ದಾರ, ಬಟ್ಟೆಪಟ್ಟಿ, ಒತ್ತುವುದಕ್ಕೆ ಕಬ್ಬಿಣದ ತೂಕದ ಬಟ್ಟು, ಮತ್ತೆ ಮೈದಾ ಅಂಟಿನ ಡಬ್ಬಿ. ಹುಳ ತಿನ್ನದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಒಂದು ಪುಸ್ತಕ ಕೈಗೆತ್ತಿಕೊಳ್ಳುವ ಮೊದಲು ಯಜಮಾನರು ಸೋಪು ಹಾಕಿ ಕೈ ತೊಳೆಯುತ್ತಾರೆ. ಪುಟದ ಮಡಚಿದ ಮೂಲೆ ಬಿಡಿಸಿ, ಪೆನ್ಸಿಲ್ ಗೀಟು ಅಳಿಸಿ, ಸುಕ್ಕು ಒತ್ತಿ ಕಳಿಸುತ್ತಾರೆ. ಅವರ ಕೈಯಿಂದ ಹೊರಟ ಪುಸ್ತಕದಲ್ಲಿ ಯಾರು ಓದಿದ್ದರು ಎಂಬ ಸುಳಿವೂ ಉಳಿಯುವುದಿಲ್ಲ. ಆ ಬಗ್ಗೆ ಅವರಿಗೆ ಹೆಮ್ಮೆ ಇದೆ. ಆದರೆ ಗಿರಾಕಿಗಳಿಂದ ವಾಪಸ್ ಬಂದ ಪುಸ್ತಕಗಳನ್ನು ಮಾತ್ರ ತಾನು ನೋಡಿ ಮುಗಿಸುವವರೆಗೆ ಮುಟ್ಟಕೂಡದು ಎಂದು ಅಕ್ಕನ ಕಟ್ಟಪ್ಪಣೆ.

ಆ ಕಟ್ಟಪ್ಪಣೆಯಲ್ಲೇ ಅಕ್ಕನ ಕಸುಬೆಲ್ಲ ಇದೆ. ಇಲ್ಲಿ ಕೊಂಡ ಪುಸ್ತಕವನ್ನು ಓದಿ ತಂದುಕೊಟ್ಟರೆ ಅರ್ಧ ಬೆಲೆ ಮರಳುತ್ತದೆ. ಗಿರಾಕಿಗಳಿಗೆ ಅದು ಉಳಿತಾಯ, ಅಕ್ಕನಿಗೆ ಅದೇ ಅವರ ಜಾತಕ.

“ನಿಮಗೇನಿಷ್ಟ ಅಂತ ನಾನು ಯಾರನ್ನೂ ಕೇಳಲ್ಲ. ಕೇಳಿದ್ರೆ ಎಲ್ರೂ ದೊಡ್ಡ ದೊಡ್ಡ ಹೆಸರು ಹೇಳ್ತಾರೆ” ಎಂದು ಅಕ್ಕ ನಗುತ್ತಾರೆ. “ಯಾವ್ದನ್ನ ಅರ್ಧಕ್ಕೆ ಬಿಟ್ರಿ ಅಂತ ಕೇಳ್ತೀನಿ. ಅಲ್ಲಿ ಸುಳ್ಳು ಹೇಳೋಕೆ ಯಾರಿಗೂ ತೋಚಲ್ಲ.”

ಆಸ್ಪತ್ರೆಯ ನರ್ಸ್ ಒಬ್ಬರು ಬಂದಾಗಲೆಲ್ಲ ದಪ್ಪ ಕಾದಂಬರಿಯನ್ನೇ ಕೇಳುತ್ತಿದ್ದರಂತೆ. ವಾಪಸ್ ಬಂದ ಕಾದಂಬರಿಗಳಲ್ಲಿ ಪುಟಪುಟಕ್ಕೂ ಮೂಲೆ ಮಡಚಿತ್ತು. ಒಂದೇ ಸಲಕ್ಕೆ ಎರಡು ಪುಟಕ್ಕಿಂತ ಹೆಚ್ಚು ಬಿಡುವು ಇಲ್ಲದ ಬದುಕು ಅದು. ಅಕ್ಕ ಕಾದಂಬರಿಯ ಜೊತೆಗೇ ಒಂದು ತೆಳ್ಳನೆಯ ಪತ್ರಸಂಗ್ರಹವನ್ನೂ ಇಟ್ಟುಕೊಟ್ಟರು. ಒಂದೊಂದು ಪತ್ರ ಒಂದೊಂದು ಪುಟ. ಕಾದಂಬರಿ ತಿರುಗಿ ಬಂತು, ಪತ್ರಗಳು ಬರಲೇ ಇಲ್ಲ. ಅಕ್ಕನ ಲೆಕ್ಕದಲ್ಲಿ ಪುಸ್ತಕಕ್ಕೂ ಓದುಗರಿಗೂ ಜೋಡಿ ಕೂಡಿತು ಎನ್ನುವುದಕ್ಕೆ ಅಷ್ಟೇ ಗುರುತು: ಅದು ವಾಪಸ್ ಬರಬಾರದು. ಕೇಳಿದ್ದನ್ನು ಇಲ್ಲ ಎನ್ನದೆ ಕೊಡುವುದು, ಕೇಳದ್ದನ್ನು ಅದರ ಮೇಲಿಡುವುದು, ಒತ್ತಾಯ ಮಾತ್ರ ಮಾಡದಿರುವುದು.

ಇಷ್ಟನ್ನು ಪರದೆಯ ಆಚೆಯಿಂದ ಕೇಳುತ್ತಾ ಯಜಮಾನರು ಮೂಗು ಮುರಿಯುತ್ತಾರೆ. ನರ್ಸ್ ಬಗ್ಗೆ ಅವರಿಗೆ ತಕರಾರಿಲ್ಲ. ತಕರಾರೆಲ್ಲ ಇದ್ದದ್ದು ಕನ್ನಡಕದಂಗಡಿಯವರ ಮೇಲೆ.

ಕನ್ನಡಕದಂಗಡಿಯವರು ಎದುರು ಸಾಲಿನವರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ಪ್ರತಿ ವಾರ ತಪ್ಪದೆ ಹಾಜರಿ. ಅವರು ಯುದ್ಧಗಳ ಚರಿತ್ರೆ ಕೇಳುತ್ತಿದ್ದರು, ಅಕ್ಕ ಕೊಡುತ್ತಿದ್ದರು. ಅಂಚು ಮಾಸದೆಯೇ ಅದು ಮರಳುತ್ತಿತ್ತು. ಅಕ್ಕನ ತಲೆ ತುಂಬ ಅವರದೇ ಚಿಂತೆ. ಊಟಕ್ಕೆ ಕೂತಾಗಲೂ, “ಕಪಾಟಿನ ಮುಂದೆ ಅಣ್ಣತಮ್ಮ ಅಂತ ಇರೋ ಪುಸ್ತಕ ಮುಟ್ತಾರೆ, ಅತ್ತಇತ್ತ ನೋಡಿ ಹಾಗೇ ಇಟ್ಬಿಡ್ತಾರೆ ಕಣ್ರೀ. ತಮ್ಮ ಬೇರೆ ಅಂಗಡಿ ಹಾಕ್ದಾಗಿಂದ ಮಾತಿಲ್ವಂತೆ” ಎಂದು ಶುರು.

“ಅವನ ಮನೆ ಪುರಾಣ ನನ್ನ ತಟ್ಟೆಗ್ಯಾಕೆ ಬಡಿಸ್ತೀಯ?” ಎಂದು ಯಜಮಾನರು ಮುಖ ಊದಿಸಿಕೊಳ್ಳುತ್ತಿದ್ದರು.

ಕಡೆಗೊಂದು ದಿನ ರಾಶಿಯಲ್ಲಿ ಅಕ್ಕನಿಗೆ ಬೇಕಾದದ್ದು ಸಿಕ್ಕಿತು. ಒಂದೇ ನದಿಯಲ್ಲಿ ದೋಣಿ ನಡೆಸುತ್ತಾ ಒಬ್ಬರಿಗೊಬ್ಬರು ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರ ಕಥೆ. ರಟ್ಟು ಕಿತ್ತು ಬಂದಿತ್ತು. “ಇದನ್ನ ಬೇಗ ಕಟ್ಟಿಕೊಡಿ, ಕನ್ನಡಕದವರಿಗೆ. ಯುದ್ಧದ ಪುಸ್ತಕದ ಜೊತೆ ಸುತ್ತಿ ಇಟ್ಟಿರಿ” ಎನ್ನುವಾಗ ಅಕ್ಕನ ಮುಖ ಅರಳಿತ್ತು. ಆ ಅರಳಿದ ಮುಖವೇ ಯಜಮಾನರ ತಲೆ ಕೆಡಿಸಿತು.

ಅವರು ಪುಸ್ತಕವನ್ನು ಕಟ್ಟಿದರು, ಒತ್ತಿಟ್ಟರು. ಆದರೆ ಪೊಟ್ಟಣ ಕಟ್ಟುವಾಗ ದೋಣಿಯ ಪುಸ್ತಕವನ್ನು ಹಲಗೆಯ ಕೆಳಗೆ ತಳ್ಳಿ, ಅದೇ ಅಳತೆಯ ಕೋಳಿ ಸಾಕಣೆಯ ಕೈಪಿಡಿಯೊಂದನ್ನು ಸುತ್ತಿಬಿಟ್ಟರು. ಹೆಂಡತಿಯ ಕೈಗುಣ ಒಂದು ಸಲವಾದರೂ ತಪ್ಪಲಿ, ಆ ಇಸ್ತ್ರಿ ಅಂಗಿ ಪೆಚ್ಚಾಗಲಿ ಎಂಬುದಷ್ಟೇ ಅವರ ಆಸೆ. ಆಮೇಲೆ ಅಕ್ಕ ಪೇಟೆಗೆ ಹೋದಾಗಲೆಲ್ಲ ಹಲಗೆಯ ಕೆಳಗಿಂದ ದೋಣಿಯ ಪುಸ್ತಕ ಹೊರಬರುತ್ತಿತ್ತು. ಆ ಮನುಷ್ಯನಿಗೆ ಇವಳು ಹೇಳಹೊರಟದ್ದಾದರೂ ಏನು ಎಂದು ನೋಡಲೇಬೇಕಿತ್ತು. ಹೆಜ್ಜೆ ಸಪ್ಪಳವಾದರೆ ಕೆಳಗೆ ತುರುಕಿ ಮತ್ತೆ ಅಂಟು ಕಲಸುವುದು, ಅಕ್ಕ ಅತ್ತ ಹೋದೊಡನೆ ಮತ್ತೆ ಓದುವುದು. ಆ ಗಡಿಬಿಡಿಯಲ್ಲಿ ಕೈ ತೊಳೆಯುವುದು ಮರೆತೇ ಹೋಯಿತು.

ಮುಂದಿನ ವಾರ ಕನ್ನಡಕದಂಗಡಿಯವರು ನಗುಮುಖದಿಂದಲೇ ಬಂದರು. “ಬಹಳ ಚೆನ್ನಾಗಿತ್ತು ಮೇಡಂ, ಎರಡೂ ಓದಿ ಮುಗಿಸ್ದೆ” ಎಂದು ಪೊಟ್ಟಣ ಮೇಜಿನ ಮೇಲಿಟ್ಟು ಹೋದರು. ಪರದೆಯ ಆಚೆ ಯಜಮಾನರಿಗೆ ಮೈಯೆಲ್ಲ ಉರಿದುಹೋಯಿತು. ಕೋಳಿ ಪುಸ್ತಕವನ್ನೂ ಮೆಚ್ಚಿಕೊಂಡು ಓದುವಷ್ಟು ಮರುಳೇ ಈ ಮನುಷ್ಯ!

ಅಕ್ಕ ಪೊಟ್ಟಣ ಬಿಚ್ಚಿದರು. ಕೈಪಿಡಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಅಂಚನ್ನು ಬೆಳಕಿಗೆ ಹಿಡಿದರು. ಮೊದಲ ಕೆಲವು ಪುಟ ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗಿತ್ತು.

“ಪಾಪ, ಮರ್ಯಾದೆಗೆ ಹೇಳಿಹೋದ್ರು” ಎಂದವರೇ ಪರದೆ ಸರಿಸಿದರು. “ದೋಣಿ ಪುಸ್ತಕ ಎಲ್ಲಿ?”

“ಯಾವ ದೋಣಿ?”

“ರೀ.”

ಆ ಒಂದು ಅಕ್ಷರಕ್ಕೆ ಹೆದರದ ಗಂಡ ಯಾರಿದ್ದಾರೆ? ಹಲಗೆಯ ಕೆಳಗಿನಿಂದ ಪುಸ್ತಕ ಹೊರಬಂತು. ಬೈಗುಳಕ್ಕೆ ಯಜಮಾನರು ತಲೆ ತಗ್ಗಿಸಿ ಸಿದ್ಧರಾದರು. ಬೈಗುಳ ಬರಲಿಲ್ಲ. ಕತ್ತೆತ್ತಿ ನೋಡಿದರೆ ಅಕ್ಕ ಪುಸ್ತಕದ ಅಂಚನ್ನೇ ದಿಟ್ಟಿಸುತ್ತಿದ್ದಾರೆ. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಮಾಸಿತ್ತು. ಅಂಗೈ ಮೇಲೆ ಬಿಟ್ಟಾಗ ನಡುವಿನ ಒಂದು ಪುಟಕ್ಕೆ ತೆರೆದುಕೊಂಡಿತು. ಅಲ್ಲಿ ಒಣಗಿದ ಅಂಟಿನ ಹೆಬ್ಬೆರಳ ಗುರುತು.

ಅಕ್ಕ ನಿಂತಲ್ಲೇ ಆ ಪುಟ ಓದಿದರು. ದೋಣಿಯವನ ಹೆಂಡತಿ ದಡದಲ್ಲಿ ಕೂತಿರುತ್ತಾಳೆ. ಕತ್ತಲಲ್ಲಿ ಬರುವ ಒಬ್ಬೊಬ್ಬರನ್ನೂ ಹೆಜ್ಜೆ ಸಪ್ಪಳದಿಂದಲೇ ಗುರುತು ಹಿಡಿದು ಮಾತಾಡಿಸುತ್ತಾಳೆ. ಕೊನೆಗೆ ದೋಣಿ ಕಟ್ಟಿ ಬರಿಗಾಲಲ್ಲಿ, ಸದ್ದಿಲ್ಲದೆ ಗಂಡ ಬಂದರೆ ಅವಳು ಕೇಳುತ್ತಾಳೆ: ‘ಯಾರದು?’

ಅಕ್ಕ ಪುಸ್ತಕ ಮುಚ್ಚಲಿಲ್ಲ. “ಇಲ್ಲಿ ಯಾಕೆ ಇಷ್ಟು ಹೊತ್ತು ನಿಂತ್ರಿ?”

“ಊರಿಗೆಲ್ಲ ಪುಸ್ತಕ ಹುಡುಕಿ ಕೊಡ್ತೀಯ. ನನಗೇನು ಬೇಕು ಅಂತ ಒಂದಿನ ನಿನಗೆ ಅನ್ನಿಸ್ಲಿಲ್ವಲ್ಲ ಕಣೇ” ಎಂದರು ಯಜಮಾನರು. ಬಾಯಿಗೆ ಬಂದ ಮೇಲೆ ಅವರಿಗೇ ನಾಚಿಕೆಯಾಯಿತು.

“ಅನ್ನಿಸ್ತು, ಎಷ್ಟೋ ಸಲ. ನೀವು ಮುಟ್ಟಿದ ಪುಸ್ತಕ ಎಲ್ಲಾನೂ ತೆರೆದು ನೋಡಿದೀನಿ. ಒಂದು ಗೆರೆ ಇಲ್ಲ, ಒಂದು ಮಡಿಕೆ ಇಲ್ಲ. ಎಲ್ಲ ತೊಳೆದು ಒತ್ತಿ ಇಟ್ಬಿಡ್ತೀರಿ. ನಾನು ಎಲ್ಲಿಂದ ಓದ್ಲಿ ನಿಮ್ಮನ್ನ?”

“ಬಾಯಿ ಬಿಟ್ಟು ಕೇಳಬಹುದಿತ್ತಲ್ಲ.”

“ಕೇಳ್ದಾಗೆಲ್ಲ ‘ನನಗ್ಯಾಕೆ ಪುಸ್ತಕ, ಕೆಲಸ ಇದೆ’ ಅಂದ್ರಿ. ಬೇರೆಯವರ ಮಾತು ನಂಬಲ್ಲ. ನಿಮ್ಮದನ್ನ ನಂಬಿಬಿಟ್ಟೆ. ತಪ್ಪು ನಂದೇ.”

ಯಜಮಾನರು ಪುಸ್ತಕ ತೆಗೆದುಕೊಂಡು, ಅಂಟಿನ ಗುರುತು ಕೆರೆಯಲು ಚಾಕು ಎತ್ತಿಕೊಂಡರು. ಅಕ್ಕ ಕೈ ಹಿಡಿದು ತಡೆದರು. ಹೆಬ್ಬೆರಳ ಗುರುತಿನ ಸಮೇತವೇ ಯಜಮಾನರು ಅದನ್ನು ಒಯ್ದು ಕನ್ನಡಕದಂಗಡಿಯ ಮೇಜಿನ ಮೇಲಿಟ್ಟು, “ಹೋದ ವಾರದ್ದು ಅದಲ್ಲ, ಇದು. ಬದಲಾಯಿಸಿದ್ದು ನಾನು” ಎಂದು ಬಂದರು. ಇದು ಹೋದ ತಿಂಗಳ ಮಾತು. ದೋಣಿಯ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ಆ ಅಂಗಡಿಯಲ್ಲಿ ಈಗೀಗ ಒಂದು ಕುರ್ಚಿ ಹೆಚ್ಚಾಗಿದೆ, ಅದರಲ್ಲಿ ಕನ್ನಡಕದವರದೇ ಮೂಗಿರುವ ಒಬ್ಬರು ಕೂತಿರುತ್ತಾರೆ ಎಂದು ವರದಿ ಮಾಡುವವರೂ ಯಜಮಾನರೇ. “ಅಂಗಿ ಮಾತ್ರ ಈಗ್ಲೂ ಇಸ್ತ್ರಿದೇ” ಎಂದು ಸೇರಿಸುವುದನ್ನು ಅವರು ಮರೆಯುವುದಿಲ್ಲ.

ಪುರವಣಿಗೆ ಬರೆಯಲು ಬಂದವರು ಹೊರಡುವ ಮುನ್ನ ಪರದೆಯ ಆಚೆ ಇಣುಕುತ್ತಾರೆ. ಹಲಗೆಯ ಮೇಲೆ, ಅಂಟಿನ ಡಬ್ಬಿಯ ಪಕ್ಕ, ಬೆನ್ನು ಹರಿದ ಒಂದು ಪುಸ್ತಕ ತೆರೆದು ಬಿದ್ದಿದೆ.

“ರಿಪೇರಿಗೆ ಬಂದಿದ್ದಾ?”

“ಇಲ್ಲ, ಓದೋಕೆ. ಅವಳು ಆರಿಸಿಕೊಟ್ಟಿದ್ದು. ಕಟ್ಟಬೇಡಿ, ಒತ್ತಬೇಡಿ, ಕೈ ತೊಳೀದೆ ಓದಿ ಅಂದಿದಾಳೆ.” ಯಜಮಾನರ ಹೆಬ್ಬೆರಳು ಬಿಳಿಯ ಅಂಟಿನಿಂದ ಮೆತ್ತಿಹೋಗಿದೆ. ಆ ಹೆಬ್ಬೆರಳಿನಿಂದಲೇ ಅವರು ಪುಟ ತಿರುವುತ್ತಾರೆ.

ಬರೆಯಲು ಬಂದವರು ಯಾವ ಪುಸ್ತಕ ಎಂದು ನೋಡಲು ಬಗ್ಗುತ್ತಾರೆ. ಯಜಮಾನರು ತಟಕ್ಕನೆ ಹೆಸರಿನ ಮೇಲೆ ಅಂಗೈ ಮುಚ್ಚಿ, “ಅದೊಂದು ಪೇಪರಲ್ಲಿ ಹಾಕಬೇಡಿ. ಓದಿದವರೆಲ್ಲ ಬಂದು ಇದೇ ಬೇಕು ಅಂತಾರೆ. ಇದು ನಂದು” ಎನ್ನುತ್ತಾರೆ.